8 ಲಕ್ಷದ ಕಾರಿಗೆ 10 ಲಕ್ಷದ ಕೊಟೇಶನ್: ಇದರಲ್ಲಿ ಯಾವುದು ಕಡ್ಡಾಯ?

ಕುಂಬಳೆಯಿಂದ ಕೇಳಿದವರು: ಮನೆಗೆ ಪೆಟ್ರೋಲ್ ಕಾರು ನೋಡ್ತಾ ಇದ್ದೇವೆ, 1197 ಸಿಸಿ. ಎಕ್ಸ್-ಶೋರೂಮ್ 8,00,000. ಕೊಟೇಶನ್‌ನಲ್ಲಿ ಆನ್-ರೋಡ್ 10,08,000 ಆಗಿದೆ. ರಸ್ತೆ ತೆರಿಗೆ 1,04,000, ಇನ್ಶೂರೆನ್ಸ್ 48,000, ರಿಜಿಸ್ಟ್ರೇಶನ್ ಮತ್ತು ಇತರೆ 9,500, ಫಾಸ್ಟ್‌ಟ್ಯಾಗ್ 600, ಎಕ್ಸ್‌ಟೆಂಡೆಡ್ ವಾರಂಟಿ 17,400, ಆಕ್ಸೆಸರಿ ಕಿಟ್ 16,500, ಕೋಟಿಂಗ್ 12,000. ಸಾಲ ಇಲ್ಲ, ಪೂರ್ತಿ ಹಣ ಕೊಡ್ತೇವೆ. ಎಲ್ಲವೂ ಕಡ್ಡಾಯ ಅಂತಾನೆ ಸೇಲ್ಸ್ ಹುಡುಗ. ಹೌದಾ?

ಉಪ್ಪಳದ ಒಬ್ಬರು: ಮಂಗಳೂರಿಗೆ ಹೋಗಿ ತಗೊಳ್ಳಿ ಮಾರಾಯ್ರೆ, ಅಲ್ಲಿ ಶೋರೂಮ್ ಜಾಸ್ತಿ. ನನ್ನ ಭಾವ ಅಲ್ಲೇ ತಗೊಂಡದ್ದು. ಒಳ್ಳೆ ಡಿಸ್ಕೌಂಟ್ ಸಿಕ್ಕಿತ್ತು, ಡೆಲಿವರಿ ದಿವಸ ಕೇಕ್ ಕೂಡ ಕತ್ತರಿಸಿದ್ರು.

ಬದಿಯಡ್ಕದಿಂದ, ಇನ್ಶೂರೆನ್ಸ್ ಕೆಲಸದಲ್ಲಿರುವವರು: ಮಂಗಳೂರಿನಲ್ಲಿ ಕೊಂಡರೂ ನಿಮ್ಮ ವಿಳಾಸ ಕಾಸರಗೋಡಿನದ್ದೇ ಅಲ್ವಾ? ಗಾಡಿ ತಾತ್ಕಾಲಿಕ ನಂಬರಿನಲ್ಲಿ ಬಂದು ಇಲ್ಲಿ ಕೆಎಲ್ 14 ಆಗಬೇಕು, ತೆರಿಗೆ ಕೇರಳಕ್ಕೇ ಕಟ್ಟಬೇಕು. 5ರಿಂದ 10 ಲಕ್ಷದ ಕಾರಿಗೆ ಇಲ್ಲಿ ಶೇ. 13. ಕರ್ನಾಟಕದಲ್ಲಿ ಶೇ. 14, ಅದರ ಮೇಲೆ ಸೆಸ್ ಬೇರೆ. ಹಾಗಾಗಿ ನೆಂಟರ ವಿಳಾಸ ಕೊಟ್ಟು ಕೆಎ ನಂಬರ್ ಮಾಡಿಸಿದರೂ ಈ ಬೆಲೆಯ ಕಾರಿಗೆ ಉಳಿತಾಯ ಇಲ್ಲ. ಡಿಸ್ಕೌಂಟಿನ ಮಾತು ಬೇರೆ, ಅದನ್ನು ಎರಡೂ ಕಡೆ ಕೇಳಿ ನೋಡಬಹುದು.

ಈಗ ನಿಮ್ಮ ಕೊಟೇಶನ್ನಿಗೆ ಬರುತ್ತೇನೆ. ತೆರಿಗೆ 1,04,000 ಸರಿ ಇದೆ. 8 ಲಕ್ಷಕ್ಕೆ ಶೇ. 13 ಅಷ್ಟೇ ಆಗುತ್ತದೆ. ಅದರಲ್ಲಿ ಚೌಕಾಶಿ ಇಲ್ಲ.

ಮುಖ್ಯವಾಗಿ ನೋಡಬೇಕಾದ್ದು ಇನ್ಶೂರೆನ್ಸ್. ಅದನ್ನು ಒಂದೇ ಮೊತ್ತವಾಗಿ ನೋಡಬೇಡಿ, ಒಡೆದು ಕೊಡಿ ಅಂತ ಕೇಳಿ. ಥರ್ಡ್ ಪಾರ್ಟಿ ಹೊಸ ಕಾರಿಗೆ 3 ವರ್ಷದ್ದು ಒಟ್ಟಿಗೆ ಕಟ್ಟಬೇಕು. 1000ದಿಂದ 1500 ಸಿಸಿಗೆ 10,640 ರೂಪಾಯಿ, ಜಿಎಸ್‌ಟಿ ಬೇರೆ. ಈ ದರ ಸರಕಾರ ಗೊತ್ತು ಮಾಡಿದ್ದು, ಎಲ್ಲಿ ತಗೊಂಡರೂ ಒಂದೇ. ಉಳಿದದ್ದು ನಿಮ್ಮದೇ ಕಾರಿನ ಹಾನಿಗೆ ಸಿಗುವ ಓನ್ ಡ್ಯಾಮೇಜ್, ಮತ್ತೆ ಅದರ ಮೇಲೆ ಹೆಚ್ಚುವರಿಯಾಗಿ ಸೇರಿಸುವ ಆಡ್-ಆನ್. ವ್ಯತ್ಯಾಸ ಪೂರಾ ಅಲ್ಲೇ ಇರುವುದು. ಓನ್ ಡ್ಯಾಮೇಜಿಗೆ ಹೊರಗಿನ ಕಂಪೆನಿ ದೊಡ್ಡ ರಿಯಾಯಿತಿ ಕೊಡುತ್ತದೆ. ಶೋರೂಮಿನಲ್ಲಿ ಆ ರಿಯಾಯಿತಿ ಕಡಿಮೆ ಮಾಡಿ, ನೀವು ಕೇಳದ ಆಡ್-ಆನ್ ನಾಲ್ಕೈದು ಸೇರಿಸಿರುತ್ತಾರೆ. ಈ ಗಾತ್ರದ ಕಾರಿಗೆ, ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಝೀರೋ ಡೆಪ್ ಸೇರಿಸಿ 34–35 ಸಾವಿರದ ಆಸುಪಾಸಿನಲ್ಲಿ ಪಾಲಿಸಿ ಮಾಡಿಸಿಕೊಟ್ಟದ್ದಿದೆ.

ಆದರೆ ಹೋಲಿಸುವಾಗ ಐಡಿವಿ, ಅಂದರೆ ಕಾರು ಪೂರ್ತಿ ಹೋದರೆ ಇನ್ಶೂರೆನ್ಸ್ ಕಂಪೆನಿ ಲೆಕ್ಕ ಹಿಡಿಯುವ ಬೆಲೆ, ಎಷ್ಟಿದೆ ನೋಡಿ. ಹೊಸ ಕಾರಿಗೆ ಅದು ಎಕ್ಸ್-ಶೋರೂಮ್ ಬೆಲೆಯ ಶೇ. 95, ಅಂದರೆ ನಿಮಗೆ 7,60,000. ಕೆಲವರು ಅದನ್ನು 6 ಲಕ್ಷಕ್ಕೆ ಇಳಿಸಿ 'ಅಗ್ಗದ ಪಾಲಿಸಿ' ತೋರಿಸುತ್ತಾರೆ. ಕಾರು ಕಳವಾದ ದಿನ ಅದರ ನಷ್ಟ ಗೊತ್ತಾಗುತ್ತದೆ. ಇನ್ನೊಂದು, ನಿಮ್ಮ ಹೆಸರಿನ ಸ್ಕೂಟರ್ ಪಾಲಿಸಿಯಲ್ಲಿ ಈಗಾಗಲೇ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಇದ್ದರೆ ಕಾರಿಗೆ ಮತ್ತೆ ಬೇಕಾಗಿಲ್ಲ. ಹಳೆ ಕಾರು ಮಾರಿದ್ದರೆ ಅದರ ನೋ ಕ್ಲೇಮ್ ಬೋನಸ್ ಕೂಡ ಹೊಸದಕ್ಕೆ ತರಬಹುದು. ಇದನ್ನು ಶೋರೂಮಿನವರು ತಾವಾಗಿ ಹೇಳುವುದು ಬಹಳ ಅಪರೂಪ.

ಮಂಜೇಶ್ವರದ ಒಬ್ಬರು: ಒಂದು ಮರೆತಿರಿ. ಒಟ್ಟು 10 ಲಕ್ಷ ದಾಟಿದೆ, ಹಾಗಾದರೆ ಮಾರುವವರು ನಮ್ಮಿಂದ ಹಿಡಿದು ಇನ್ಕಮ್ ಟ್ಯಾಕ್ಸಿಗೆ ಕಟ್ಟುವ ಶೇ. 1 ಟಿಸಿಎಸ್ ಕೂಡ ಬರುತ್ತದೆ. 10,080 ಸೇರಿಸಿಕೊಳ್ಳಿ.

ಬದಿಯಡ್ಕ: ಇಲ್ಲ ಸರ್, ಟಿಸಿಎಸ್‌ಗೆ ನೋಡುವುದು ಕಾರಿನ ಮಾರಾಟ ಬೆಲೆಯನ್ನು. ತೆರಿಗೆ, ಇನ್ಶೂರೆನ್ಸ್ ಸೇರಿಸಿ 10 ಲಕ್ಷ ಆದರೆ ಅದು ಬರುವುದಿಲ್ಲ. 8 ಲಕ್ಷದ ಕಾರಿಗೆ ಹಾಕಿದ್ದರೆ ತೆಗೆಸಿ. ಬೆಲೆಯೇ 10 ಲಕ್ಷ ದಾಟಿದವರೂ ಇನ್ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿದುಕೊಳ್ಳಬಹುದು.

ಮುಳ್ಳೇರಿಯಾದ ಕೃಷಿಕರು: ಆ 9,500 ಏನು ಅಂತ ಯಾರೂ ಕೇಳಲಿಲ್ವಲ್ಲ? ಕಾರಿನ ರಿಜಿಸ್ಟ್ರೇಶನ್ ಫೀ 600 ರೂಪಾಯಿ. ಸಾಲ ಇದ್ದರೆ ಬ್ಯಾಂಕಿನ ಹೆಸರು ಸೇರಿಸಲು 1,500, ನಿಮಗೆ ಅದೂ ಇಲ್ಲ. ಆರ್‌ಸಿ ಕಾರ್ಡು, ಸರ್ವಿಸ್ ಚಾರ್ಜ್ ಅಂತ ಸ್ವಲ್ಪ ಇರಬಹುದು. ಹೊಸ ಗಾಡಿಯನ್ನು ವಿದ್ಯಾನಗರದ ಆರ್‌ಟಿಒಗೆ ಒಯ್ದು ತೋರಿಸುವ ಕ್ರಮವೂ ಈಗ ಇಲ್ಲ, ಶೋರೂಮಿನಲ್ಲೇ ಕೂತು ಆನ್‌ಲೈನ್ ಮಾಡ್ತಾರೆ. ಉಳಿದದ್ದು ಹ್ಯಾಂಡ್ಲಿಂಗ್ ಚಾರ್ಜೇ ಇರಬೇಕು. ನಾನು 'ಸರಕಾರಿ ರಸೀದಿ ಎಷ್ಟಿದೆಯೋ ಅಷ್ಟು ಕೊಡ್ತೇನೆ' ಅಂತ ಹೇಳಿದೆ. ಮ್ಯಾನೇಜರ್ ಬಂದು ಮುಖ ಸಣ್ಣ ಮಾಡಿ ತೆಗೆದರು.

ಕೇಳಿದವರು: ಥ್ಯಾಂಕ್ಸ್. ಇನ್ಶೂರೆನ್ಸ್ ಹೊರಗೆ ಮಾಡಿಸ್ತೇನೆ ಅಂದದ್ದಕ್ಕೆ 'ಕ್ಯಾಶ್‌ಲೆಸ್ ಸಿಗಲ್ಲ, 10,000 ಡಿಸ್ಕೌಂಟ್ ಕೂಡ ಇಲ್ಲ' ಅಂದ್ರು.

ಬದಿಯಡ್ಕ: ಕ್ಯಾಶ್‌ಲೆಸ್ ಮಾತು ಅರ್ಧ ಸತ್ಯ. ನೀವು ಆರಿಸುವ ಕಂಪೆನಿಯ ನೆಟ್‌ವರ್ಕಿನಲ್ಲಿ ಆ ವರ್ಕ್‌ಶಾಪ್ ಇದ್ದರೆ ಸಿಗುತ್ತದೆ. ಪಟ್ಟಿ ಕಂಪೆನಿಯ ವೆಬ್‌ಸೈಟಿನಲ್ಲಿರುತ್ತದೆ, ಮೊದಲೇ ನೋಡಿಕೊಳ್ಳಿ. ಡಿಸ್ಕೌಂಟ್ ಕಡಿತ ಮಾತ್ರ ನಿಜಕ್ಕೂ ಮಾಡುತ್ತಾರೆ. ಇನ್ಶೂರೆನ್ಸಿನಲ್ಲಿ 13 ಸಾವಿರ ಉಳಿದು ಡಿಸ್ಕೌಂಟ್ 10 ಹೋದರೆ ಉಳಿಯುವುದು 3 ಸಾವಿರ. ಅದಕ್ಕಿಂತ ಹೊರಗಿನ ಕೊಟೇಶನ್ ತೋರಿಸಿ 'ಇದಕ್ಕೆ ಸರಿಹೊಂದಿಸಿ' ಅನ್ನುವುದೇ ಸುಲಭ, ಎಷ್ಟೋ ಸಲ ಒಪ್ಪುತ್ತಾರೆ. ಹೊರಗೇ ಮಾಡಿಸುವುದಾದರೆ ಚಾಸಿಸ್ ನಂಬರ್, ಇಂಜಿನ್ ನಂಬರ್ ಬೇಗ ಕೇಳಿಟ್ಟುಕೊಳ್ಳಿ. ಪಾಲಿಸಿ ಇಲ್ಲದೆ ರಿಜಿಸ್ಟ್ರೇಶನ್ ಮುಂದೆ ಹೋಗುವುದಿಲ್ಲ, ಕೊನೆ ಗಳಿಗೆಯಲ್ಲಿ 'ಇನ್ನು ಸಮಯ ಇಲ್ಲ' ಅಂದುಬಿಡುತ್ತಾರೆ.

ಪೆರ್ಲದಿಂದ ಒಬ್ಬರು ಅಕ್ಕ: ವಾರಂಟಿ ಬಗ್ಗೆ ನನ್ನದು ಕೇಳಿ. ನಾವು ಎಕ್ಸ್‌ಟೆಂಡೆಡ್ ತಗೊಂಡಿದ್ದೆವು. ನಾಲ್ಕನೇ ವರ್ಷ ಎಸಿ ಕಂಪ್ರೆಸರ್ ಹೋಯ್ತು, ಒಂದು ರೂಪಾಯಿ ಕೊಡದೆ ಹಾಕಿಕೊಟ್ಟರು. ನಮ್ಮ ಪಕ್ಕದ ಮನೆಯವರದ್ದೂ ಅದೇ ಮಾದರಿ. ಅವರು ಸರ್ವಿಸ್ ಒಮ್ಮೆ ಊರಿನ ಗ್ಯಾರೇಜಿನಲ್ಲಿ ಮಾಡಿಸಿದ್ದರು. ಆಮೇಲೆ ಸ್ಟಿಯರಿಂಗ್ ತೊಂದರೆಗೆ ಹೋದಾಗ 'ಸರ್ವಿಸ್ ದಾಖಲೆ ಇಲ್ಲ' ಅಂತ ಕ್ಲೇಮ್ ತಿರಸ್ಕರಿಸಿದ್ರು. ಹಾಗಾಗಿ ಪ್ರತಿ ಸರ್ವಿಸಿಗೂ ಕಂಪೆನಿ ವರ್ಕ್‌ಶಾಪಿಗೆ ಹೋಗುವವರಾದರೆ ಮಾತ್ರ ತಗೊಳ್ಳಿ. ಕ್ಲಚ್, ಬ್ರೇಕ್ ಪ್ಯಾಡ್, ವೈಪರ್ ಇಂಥ ಸವೆಯುವ ಸಾಮಾನು ಅದರಲ್ಲಿ ಬರುವುದಿಲ್ಲ.

ಬದಿಯಡ್ಕ: ಅಕ್ಕ ಹೇಳಿದ್ದು ಸರಿ. ಆದರೆ ಅದನ್ನು ಇವತ್ತೇ ತಗೊಳ್ಳಬೇಕು ಅನ್ನುವುದು ಸುಳ್ಳು. ಹೆಚ್ಚಿನ ಕಂಪೆನಿಗಳಲ್ಲಿ ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಳ್ಳಬಹುದು. ತಡವಾದಷ್ಟು ಬೆಲೆ ಸ್ವಲ್ಪ ಏರುವುದುಂಟು, ಆ ದರಪಟ್ಟಿ ಕೇಳಿ ಪಡೆಯಿರಿ. 17,400 ಯಾರು ಕೊಡುವ ವಾರಂಟಿಗೆ ಅಂತಲೂ ನೋಡಿ. ಕಾರು ತಯಾರಿಸಿದ ಕಂಪೆನಿಯದ್ದಾದರೆ ಅದರ ಆ್ಯಪ್‌ನಲ್ಲಿ ಚಾಸಿಸ್ ನಂಬರ್ ಹೆಸರಲ್ಲಿ ಕಾಣಬೇಕು, ದೇಶದ ಯಾವ ವರ್ಕ್‌ಶಾಪಿನಲ್ಲೂ ನಡೆಯುತ್ತದೆ. ಡೀಲರ್ ಬೇರೆ ಯಾರದ್ದೋ ಪ್ಲಾನ್ ತನ್ನ ಹೆಸರಲ್ಲಿ ಮಾರುವುದೂ ಇದೆ. ವರ್ಷಕ್ಕೆ 6–7 ಸಾವಿರ ಕಿಲೋಮೀಟರ್ ಓಡಿಸುವವರಿಗೆ ಈಗಲೇ ಅವಸರ ಇಲ್ಲ ಅಂತ ನನ್ನ ಅಭಿಪ್ರಾಯ.

ಉಪ್ಪಳ: ಕೋಟಿಂಗ್ ಬಿಡಬೇಡಿ. ನಮ್ಮದು ಕಡಲ ಗಾಳಿ, ತುಕ್ಕು ಹಿಡಿಯುತ್ತದೆ.

ಮುಳ್ಳೇರಿಯಾ: ಮೇಲಿನ ಪೇಂಟಿಗೆ ಬಳಿಯುವ ಕೋಟಿಂಗ್ ತುಕ್ಕು ತಡೆಯುವುದು ಹೇಗೆ? ಕೆಳಗಿನ ಅಂಡರ್‌ಬಾಡಿಗೆ ಮಾಡುವುದೇ ಬೇರೆ. ಅದನ್ನೂ ಸರಿ ಮಾಡದಿದ್ದರೆ ನೀರು ಇಳಿಯುವ ತೂತು ಮುಚ್ಚಿ ಒಳಗೇ ತುಕ್ಕು ಹಿಡಿಯುತ್ತದೆ.

ಉಪ್ಪಳ: ನಮ್ಮ ಕಾರಿಗೆ ಮಾಡಿಸಿದ್ದೇವೆ, ಏನೂ ಆಗಿಲ್ಲ.

ಮುಳ್ಳೇರಿಯಾ: ಮಾಡಿಸದ ನನ್ನದಕ್ಕೂ ಏನೂ ಆಗಿಲ್ಲ. ನಾನು ಗುಡ್ಡದ ಮೇಲೆ ಇರುವವ, ಅದೂ ಹೌದು.

ಕೇಳಿದವರು: ಇವತ್ತು ಹೋಗಿ ಬಂದೆ. 9,500 ಇದ್ದದ್ದನ್ನು ಸರಕಾರಿ ರಸೀದಿ ಇದ್ದಷ್ಟಕ್ಕೆ ಇಳಿಸಿದ್ರು. ಇನ್ಶೂರೆನ್ಸ್ 36,500ಕ್ಕೆ ಬಂತು, ಐಡಿವಿ 7,60,000 ಅಂತ ಬರೆಸಿಕೊಂಡೆ, ಡಿಸ್ಕೌಂಟ್ ಹಾಗೇ ಇದೆ. ವಾರಂಟಿ ಆಮೇಲೆ ನೋಡುವುದು. ಆಕ್ಸೆಸರಿ ಕಿಟ್ ಮಾತ್ರ 'ಈ ಗಾಡಿ ಕಿಟ್ ಹಾಕಿಯೇ ಬಂದದ್ದು, ಕಿಟ್ ಇಲ್ಲದ್ದು ಬೇಕಾದರೆ ಮುಂದಿನ ತಿಂಗಳು' ಅಂತಾರೆ. ಮ್ಯಾಟ್, ಮಡ್‌ಫ್ಲ್ಯಾಪ್, ಸೀಟ್ ಕವರ್ ಬಿಟ್ಟರೆ ಅದರಲ್ಲಿ ಏನೂ ಇಲ್ಲ.

ಬದಿಯಡ್ಕ: ಆ ಸಾಮಾನು ಕಂಪೆನಿಯಿಂದ ಬಂದದ್ದಲ್ಲ, ಯಾರ್ಡಿನಲ್ಲಿ ಹಾಕುವುದು. ಒಂದೊಂದರ ಬಿಡಿ ಬೆಲೆ ಬರೆದು ಕೇಳಿ. ಕಾಯಲು ಆಗುತ್ತದಾದರೆ ಬುಕ್ಕಿಂಗ್ ಹಣ ವಾಪಸ್ ಕೊಡುವ ಷರತ್ತನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಿ.