ಸ್ವೀಪ್ ಲೈನ್‌ನಲ್ಲಿ ಕೆಲವು ಕ್ರಾಸಿಂಗ್ ಮಿಸ್ ಆಗ್ತಿವೆ, ಮಾಡಿದವರು ಅನುಭವ ಹೇಳಿ

ಗೆರೆಗಾರ: ತುಂಬಾ ಗೆರೆತುಂಡುಗಳಿವೆ, ಎಲ್ಲೆಲ್ಲಿ ಕ್ರಾಸ್ ಆಗ್ತವೆ ಅಂತ ಪೂರ್ತಿ ಪಟ್ಟಿ ಬೇಕು. ಬೆಂಟ್ಲಿ–ಆಟ್ಮನ್ ಬರೆದಿದೀನಿ, ಈವೆಂಟ್ ಕ್ಯೂ ಇದೆ, ಸ್ಟೇಟಸ್‌ಗೆ `std::set` ಇಟ್ಟಿದೀನಿ, ಸ್ವೀಪ್ ಗೆರೆ ಎಡದಿಂದ ಬಲಕ್ಕೆ ಹೋಗುತ್ತೆ. ಚಿಕ್ಕ ಡೇಟಾಗೆ ಸರಿ ಬರುತ್ತೆ, ದೊಡ್ಡದಕ್ಕೆ ಕೆಲವು ಕ್ರಾಸಿಂಗ್ ಮಾಯ, ಒಂದೊಂದ್ಸಲ ಮುಗಿಯೋದೇ ಇಲ್ಲ. ಎಲ್ಲಿ ನೋಡ್ಲಿ?

ಚುರುಕು: ಅದು ಫ್ಲೋಟಿಂಗ್ ಪಾಯಿಂಟ್ ಕಾಟ. ಹೋಲಿಕೆ ಮಾಡೋ ಕಡೆಯೆಲ್ಲ ಒಂದು ಎಪ್ಸಿಲಾನ್ ಹಾಕಿ, 1e-9 ಸಾಕು. ನನ್ನ ಡೇಟಾದಲ್ಲಿ ಅಷ್ಟಕ್ಕೇ ಸರಿಹೋಯ್ತು.

ಹಳೇಕೈ: ಕಾಯಿಲೆ ಸರಿಯಾಗೇ ಹೇಳಿದೀರಿ, ಮದ್ದು ಅರ್ಧ ಮಾತ್ರ. ಎಪ್ಸಿಲಾನ್ ಹಾಕಿದ್ರೆ a ಮತ್ತು b ಒಂದೇ, b ಮತ್ತು c ಒಂದೇ, ಆದ್ರೆ a ಮತ್ತು c ಬೇರೆ ಅನ್ನೋ ಪರಿಸ್ಥಿತಿ ಬರುತ್ತೆ, ಆರ್ಡರ್ ನಂಬ್ಕೊಂಡು ಕೂತಿರೋ ಟ್ರೀಗೆ ಅದು ವಿಷ. ನಿಮ್ಮ ಡೇಟಾದಲ್ಲಿ ಬಿಂದುಗಳು ದೂರ ದೂರ ಇದ್ವು ಅನ್ಸುತ್ತೆ, ಅದಕ್ಕೇ ನಡೀತು.

ಗೆರೆಗಾರರೇ, ಎಲ್ಲಿ ಒಡೆಯುತ್ತೆ ಅಂತ ಮೂರೇ ಗೆರೆಯಲ್ಲಿ ನೋಡಬಹುದು. A ಅಂದ್ರೆ (0,0) ಇಂದ (9,9), B (0,10) ಇಂದ (10,5), C (0,5) ಇಂದ (8,7). ಮೂರೂ ಒಂದೇ ಜಾಗದಲ್ಲಿ ಸೇರ್ತವೆ, x = y = 20/3. ಶುರುವಲ್ಲಿ ಸ್ಟೇಟಸ್ ಕೆಳಗಿಂದ ಮೇಲಕ್ಕೆ A, C, B. ಪಕ್ಕಪಕ್ಕದವು A-C ಮತ್ತು C-B, ಎರಡು ಜೋಡಿಗೂ ಈವೆಂಟ್ ಕ್ಯೂಗೆ ಬೀಳುತ್ತೆ. ಈಗ ಡಬಲ್‌ನಲ್ಲಿ ಒಂದು ಜೋಡಿ ಲೆಕ್ಕ 6.666666666666667 ಅಂತಲೂ ಇನ್ನೊಂದು 6.666666666666666 ಅಂತಲೂ ಬರಬಹುದು, ಕೊನೆ ಅಂಕಿ ಬೇರೆ ಆದ್ರೆ ಕ್ಯೂ ಪಾಲಿಗೆ ಅವು ಎರಡು ಬಿಂದು. A-C ಮೊದಲು ಬಂತು ಅಂದ್ಕೊಳ್ಳಿ, ಅದಲುಬದಲು ಮಾಡಿದ್ರೆ C, A, B. ಹೊಸದಾಗಿ ಪಕ್ಕ ಬಂದ A-B ನೋಡಿದ್ರೆ ಅದರ ಕ್ರಾಸಿಂಗ್ ಈಗಿನ ಜಾಗದಲ್ಲೇ ಅಥವಾ ಒಂದು ಕೂದಲೆಳೆ ಹಿಂದೆ, ಹಾಗಾಗಿ "ಆಗ್ಲೇ ದಾಟಿದ್ದು" ಅಂತ ಬಿಟ್ಬಿಡ್ತೀರಿ. ಅಲ್ಲಿಗೆ A-B ಹೋಯ್ತು. ಆಮೇಲೆ C-B ಈವೆಂಟ್ ಬರುತ್ತೆ, ಆದ್ರೆ ನಡುವೆ A ಕೂತಿದೆ, ಕೋಡ್ ಅದನ್ನ ನೋಡದೇ ಎರಡರ ಜಾಗ ಬದಲಿಸುತ್ತೆ: B, A, C. ನಿಜವಾಗಿ ಆ ಬಿಂದು ದಾಟಿದ ಮೇಲೆ ಇರಬೇಕಾಗಿದ್ದು B, C, A.

ಮಜಾ ಇಲ್ಲಿಗೆ ಮುಗಿಯಲ್ಲ. x = 8ರಲ್ಲಿ C ಮುಗಿಯುತ್ತೆ, ತೆಗೀಬೇಕು. ಆಗ ಎತ್ತರಗಳು B 6, A 8, C 7. ಟ್ರೀಯ ತಲೆಯಲ್ಲಿ A ಇದ್ರೆ, 7 ಅನ್ನೋದು 8ಕ್ಕಿಂತ ಕಮ್ಮಿ ಅಂತ ಎಡಕ್ಕೆ ಹೋಗಿ B ಹತ್ರ ಹುಡುಕಿ ಸಿಗದೇ ವಾಪಸ್ ಬರುತ್ತೆ. `erase` 0 ಕೊಡುತ್ತೆ, ಎರರ್ ಏನೂ ಇಲ್ಲ. ಸತ್ತ C ಪಟ್ಟಿಯಲ್ಲೇ ಉಳ್ಕೊಂಡು, ಮುಂದೆ ಬರೋ ಗೆರೆಗಳು ಪಕ್ಕಪಕ್ಕ ಬರದ ಹಾಗೆ ನಡುವೆ ಅಡ್ಡ ಕೂರುತ್ತೆ. ದೂರದಲ್ಲೆಲ್ಲೋ ಕ್ರಾಸಿಂಗ್ ಮಾಯ ಆಗೋದು ಹೀಗೇ, ತಪ್ಪಾದ ಜಾಗ ಒಂದು, ಕಾಣೋ ಜಾಗ ಇನ್ನೊಂದು. ಮೊದಲ ಕೆಲಸ, `erase` ಕೊಟ್ಟ ಸಂಖ್ಯೆ 1 ಅಲ್ಲದಿದ್ರೆ ಅಲ್ಲೇ ನಿಲ್ಲಿಸಿ ನೋಡಿ.

ನಿಧಾನಿ: ನನಗೆ ಬೇಕಿದ್ದಿದ್ದು ಯಾವುದಾದ್ರೂ ಒಂದು ಕ್ರಾಸ್ ಇದೆಯಾ ಇಲ್ವಾ ಅಷ್ಟೇ. ಅದಕ್ಕೆ ಕ್ರಾಸಿಂಗ್ ಈವೆಂಟೇ ಬೇಡ, ತುದಿಗಳನ್ನ ಮಾತ್ರ ಸಾರ್ಟ್ ಮಾಡಿ ಪಕ್ಕದವನ್ನ ನೋಡ್ತಾ ಹೋಗಿ ಮೊದಲನೇದು ಸಿಕ್ಕ ತಕ್ಷಣ ನಿಲ್ಲಿಸಿದೆ. ನೀವೂ ಹಾಗೇ ಮಾಡಿ, ತಲೆನೋವು ತಪ್ಪುತ್ತೆ.

ಹಳೇಕೈ: ಅದು 1976ರ ಶಾಮೋಸ್–ಹೋಯಿ ವಿಧಾನ, ಹೌದು/ಇಲ್ಲ ಪ್ರಶ್ನೆಗೆ ಚೆನ್ನಾಗಿದೆ. ಇವರಿಗೆ ಎಲ್ಲವೂ ಬೇಕು, ಅದಕ್ಕೆ 1979ರ ಬೆಂಟ್ಲಿ–ಆಟ್ಮನ್ ಬೇಕಾಗುತ್ತೆ, ಮೊದಲನೇ ಕ್ರಾಸಿಂಗ್ ದಾಟಿದ ಮೇಲೂ ಆರ್ಡರ್ ಸರಿಯಾಗಿ ಮುಂದುವರೀಬೇಕಲ್ಲ.

ಗೆರೆಗಾರ: `erase` ಚೆಕ್ ಹಾಕಿದೆ, ನಿಜ, ಸುಮಾರು ಕಡೆ 0 ಬರ್ತಿದೆ. ಹಾಗಾದ್ರೆ ಮೂರು ಗೆರೆ ಸೇರೋ ಜಾಗನ ಹೇಗೆ ನಿಭಾಯಿಸೋದು?

ಹಳೇಕೈ: ಈವೆಂಟ್ ಅಂದ್ರೆ ಜೋಡಿ ಅನ್ನೋದನ್ನ ಬಿಟ್ಬಿಡಿ, ಈವೆಂಟ್ ಅಂದ್ರೆ ಬಿಂದು. ಕ್ಯೂನಲ್ಲಿ ಒಂದು ಬಿಂದು ಒಂದೇ ಸಲ ಇರಬೇಕು, x ನೋಡಿ, x ಒಂದೇ ಆದ್ರೆ y ನೋಡಿ. ಆ ಬಿಂದು ಬಂದಾಗ ಸ್ಟೇಟಸ್‌ನಲ್ಲಿ ಅದರ ಮೂಲಕ ಹೋಗೋ ಗೆರೆಗಳನ್ನೆಲ್ಲ ಒಟ್ಟಿಗೆ ಎತ್ತಿ, ಅವು ಪಟ್ಟಿಯಲ್ಲಿ ಸಾಲಾಗೇ ಇರ್ತವೆ. ಇರೋ ಜೋಡಿಗಳನ್ನೆಲ್ಲ ಬರೆದ್ಕೊಳ್ಳಿ, ಇಲ್ಲಿ ಮೂರು. ಅಲ್ಲಿಗೆ ಮುಗಿಯೋವನ್ನ ಬಿಟ್ಟು ಉಳಿದದ್ದು, ಜೊತೆಗೆ ಅಲ್ಲಿ ಶುರುವಾಗೋವು, ಇವನ್ನ ಬಿಂದು ದಾಟಿದ ಮೇಲಿನ ಆರ್ಡರ್‌ನಲ್ಲಿ, ಅಂದ್ರೆ ಇಳಿಜಾರಿನ ಪ್ರಕಾರ ವಾಪಸ್ ಹಾಕಿ. A, C, B ಹೋಗಿ B, C, A ಆಗುತ್ತೆ. ಆಮೇಲೆ ಗುಂಪಿನ ಕೆಳಗಿನದಕ್ಕೆ ಅದರ ಕೆಳಗಿನ ನೆರೆಯವರು, ಮೇಲಿನದಕ್ಕೆ ಮೇಲಿನ ನೆರೆಯವರು, ಎರಡೇ ಚೆಕ್. ವಾಪಸ್ ಹಾಕೋಕೆ ಏನೂ ಉಳಿದಿಲ್ಲ ಅಂದ್ರೆ ಆ ಇಬ್ಬರು ನೆರೆಯವರನ್ನೇ ಒಂದಕ್ಕೊಂದು ನೋಡಿ. ಹೊಸ ಬಿಂದು ಈಗಿನ ಬಿಂದುಗಿಂತ ಮುಂದೆ ಇದ್ರೆ ಮಾತ್ರ ಕ್ಯೂಗೆ. ಈಗಿನದನ್ನೇ ಮತ್ತೆ ಹಾಕ್ತಾ ಇದ್ರೆ ಮುಗಿಯೋದೇ ಇಲ್ಲ, ನಿಮ್ಮ ಲೂಪ್ ಅದೇ ಇರಬಹುದು. ನೆಟ್ಟಗಿನ ಗೆರೆಗೆ ಕೆಳತುದಿಯೇ ಶುರು, ಆ ಬಿಂದುವಿನ ಗುಂಪಲ್ಲಿ ಅದೇ ಎಲ್ಲದಕ್ಕಿಂತ ಮೇಲೆ.

ಆದ್ರೆ ಇದೆಲ್ಲ ನಡೆಯೋದು "ಒಂದೇ ಬಿಂದು" ಅನ್ನೋದು ನಿಖರವಾಗಿ ಗೊತ್ತಾದ್ರೆ ಮಾತ್ರ. ಮೊದಲು ಪೈಥಾನ್‌ನಲ್ಲಿ ಭಿನ್ನರಾಶಿ ಇಟ್ಟು ಬರೆದು ನೋಡಿ, ನಿಧಾನ, ಆದ್ರೆ ಸುಳ್ಳು ಹೇಳಲ್ಲ.

```python
from fractions import Fraction

def y_at(s, x):  # ನೆಟ್ಟಗಿನ ಗೆರೆಗೆ ಅಲ್ಲ
    (x1, y1), (x2, y2) = s
    return y1 + Fraction((y2 - y1) * (x - x1), x2 - x1)
```

ಟೆಸ್ಟ್‌ಗೆ 0ರಿಂದ 10ರೊಳಗಿನ ಪೂರ್ಣಾಂಕಗಳಲ್ಲೇ ರ‍್ಯಾಂಡಮ್ ಗೆರೆ ಹಾಕಿ, ಎಲ್ಲ ಜೋಡಿ ನೋಡೋ ಸೀದಾ ಲೂಪ್ ಜೊತೆ ತಾಳೆ ನೋಡಿ. ಅಷ್ಟು ಇಕ್ಕಟ್ಟಲ್ಲಿ ಮೂರು ಸೇರೋದು, ತುದಿ ತಾಗೋದು, ಒಂದರ ಮೇಲೊಂದು ಮಲಗೋದು ಎಲ್ಲ ತಾನಾಗೇ ಬರುತ್ತೆ. ಮಲಗೋದಕ್ಕೆ ಬೇರೆ ನಿಯಮ ನೀವೇ ಮಾಡ್ಕೋಬೇಕು, ಅದಕ್ಕೆ ಒಂದೇ ಬಿಂದು ಅಂತ ಇಲ್ಲ.

ಲೆಕ್ಕದವಳು: ಒಂದು ಮಾತು, ಎಷ್ಟು ಕ್ರಾಸಿಂಗ್ ಇರಬಹುದು ಅಂತ ನೋಡಿದೀರಾ? ಇದರ ಖರ್ಚು (n+k) log n, k ಅಂದ್ರೆ ಕ್ರಾಸಿಂಗ್. 1000 ಗೆರೆಗೆ ಜೋಡಿ 4,99,500. ಅದರಲ್ಲಿ ಅರ್ಧಕ್ಕರ್ಧ ಕ್ರಾಸ್ ಆಗೋ ಡೇಟಾ ಆದ್ರೆ ಸ್ವೀಪ್ ಬರೆದು ಏನೂ ಲಾಭ ಇಲ್ಲ, ಎಲ್ಲ ಜೋಡಿ ನೋಡೋ ಲೂಪೇ ಬೇಗ ಮುಗಿಯುತ್ತೆ. ಗೆರೆಗಳು ಚಿಕ್ಕವು, ಹರಡ್ಕೊಂಡಿದಾವೆ ಅಂದ್ರೆ ಚೌಕ ಗ್ರಿಡ್ ಹಾಕಿ ಒಂದೇ ಚೌಕದಲ್ಲಿರೋದನ್ನ ಮಾತ್ರ ಹೋಲಿಸಿ, ಆರ್ಡರ್ ಇಲ್ಲ ಅಂದ್ಮೇಲೆ ಕೆಡೋಕೆ ಏನಿದೆ. ನಾನಂತೂ ಸ್ವೀಪ್ ಕೊನೆಗೆ ಮುಟ್ಟೋದು.

ಗೆರೆಗಾರ: ಉದ್ದ ಗೆರೆ, ಚಿಕ್ಕ ಗೆರೆ ಎಲ್ಲ ಮಿಕ್ಸ್ ಇದೆ, ಗ್ರಿಡ್‌ಗೆ ಒಗ್ಗಲ್ಲ. ಕ್ರಾಸಿಂಗ್ ಗೆರೆಗಳ ಎರಡು ಮೂರು ಪಟ್ಟು ಅಷ್ಟೇ. ಅಂಕಿಗಳು 0ರಿಂದ 1000, ದಶಮಾಂಶದ ನಂತರ 6 ಸ್ಥಾನ. 10 ಲಕ್ಷದಿಂದ ಗುಣಿಸಿ ಪೂರ್ಣಾಂಕ ಮಾಡಿ ಸಿ++ನಲ್ಲೇ 128 ಬಿಟ್ ಇಟ್ರೆ?

ಹಳೇಕೈ: ಸಾಲಲ್ಲ. ಎರಡು ಕ್ರಾಸಿಂಗ್‌ನ x ಹೋಲಿಸೋಕೆ ಅಡ್ಡ ಗುಣಿಸಬೇಕು, ಭಿನ್ನರಾಶಿಯಲ್ಲಿ ಮೇಲಿನದು ಮೂರು ಅಂಕಿಗಳ ಗುಣಲಬ್ಧ, ಕೆಳಗಿನದು ಎರಡರದ್ದು, ಒಟ್ಟು ಐದು. ನಿಮ್ಮದು 100 ಕೋಟಿವರೆಗೆ, ಅಂದ್ರೆ ಸುಮಾರು 30 ಬಿಟ್, ಐದು ಪಟ್ಟು 150. 3 ಸ್ಥಾನಕ್ಕೆ ಇಳಿಸಿದ್ರೆ 20 ಬಿಟ್, ಐದು ಪಟ್ಟು 100, ಮೇಲೆ ನಾಲ್ಕಾರು ಬಿಟ್ ಸೇರಿದ್ರೂ 128ರಲ್ಲಿ ಆರಾಮಾಗಿ ಹಿಡಿಯುತ್ತೆ.

ಚುರುಕು: 3 ಸ್ಥಾನಕ್ಕೆ ಇಳಿಸಿದ್ರೆ ತುದಿಗಳು ಜರುಗ್ತವೆ, ಇಲ್ಲದ ಕ್ರಾಸಿಂಗ್ ಬರುತ್ತೆ, ಇರೋದು ಹೋಗುತ್ತೆ. ನನ್ನ ಎಪ್ಸಿಲಾನ್‌ಗೂ ಅದಕ್ಕೂ ಏನು ವ್ಯತ್ಯಾಸ?

ಹಳೇಕೈ: ಡೇಟಾ ಒಂದೇ ಸಲ ಜರುಗುತ್ತೆ, ಆಮೇಲಿನ ಲೆಕ್ಕ ಎಲ್ಲ ಒಂದಕ್ಕೊಂದು ಹೊಂದುತ್ತೆ, ಟ್ರೀ ಒಡೆಯಲ್ಲ. ಆದ್ರೆ ತುದಿ ತಾಗಿದೆಯೋ ಇಲ್ವೋ ಅನ್ನೋದೇ ನಿಮಗೆ ಮುಖ್ಯ ಅಂದ್ರೆ ಚುರುಕು ಹೇಳೋದು ಸರಿ, ಆಗ 6 ಸ್ಥಾನ ಹಾಗೇ ಇಟ್ಟು ದೊಡ್ಡ ಪೂರ್ಣಾಂಕದ ಲೈಬ್ರರಿ ಬಳಸಬೇಕು. ಗೆರೆಗಾರರೇ, ನಿಮ್ಮ ಡೇಟಾದಲ್ಲಿ ತುದಿ ಇನ್ನೊಂದು ಗೆರೆಗೆ ತಾಗೋದು ಕ್ರಾಸಿಂಗ್ ಅಂತ ಲೆಕ್ಕಾನಾ?

ಗೆರೆಗಾರ: ಅದನ್ನೇ ಡೇಟಾ ಕೊಟ್ಟವರನ್ನ ಕೇಳಬೇಕು, ಅವರೂ ಹೇಳಿಲ್ಲ. ಸದ್ಯಕ್ಕೆ ಭಿನ್ನರಾಶಿಯಲ್ಲಿ ಓಡಿಸ್ತಿದೀನಿ, `erase` 0 ಬರೋದು ನಿಂತಿದೆ.