ಎಲ್‌ಸಿ ಮತ್ತು ಶಿಪ್ಪಿಂಗ್ ದಾಖಲೆಗಳು: ಬ್ಯಾಂಕಿಗೆ ಕೊಡುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನವಮಂಗಳೂರು ಬಂದರಿನಿಂದ ಇಟಲಿಗೆ ಒಂದು ಕಂಟೇನರ್ ಕಾಫಿ ಕಳುಹಿಸಿದ್ದೇವೆ, ಎಫ್‌ಒಬಿ ದರದಲ್ಲಿ, ಅಂದರೆ ಹಡಗಿನ ಬಾಡಿಗೆ, ವಿಮೆ ಖರೀದಿದಾರರ ಹೊಣೆ. ದಾಖಲೆಗಳನ್ನು ಖರೀದಿದಾರರ ಬ್ಯಾಂಕು ಕೊಟ್ಟ ಪಾವತಿ ಖಾತರಿಪತ್ರವಾದ ಎಲ್‌ಸಿಯೊಡನೆ ಹೋಲಿಸುವಾಗ ತಾವೆಲ್ಲ ಮೊದಲು ಏನನ್ನು ನೋಡುತ್ತೀರಿ?

ನಿವೃತ್ತ ಬ್ಯಾಂಕ್ ಅಧಿಕಾರಿ: ನಾನು ಮೊದಲು ಹಡಗು ಕಂಪನಿ ಸರಕಿಗೆ ಕೊಡುವ ಬಿಲ್ ಆಫ್ ಲೇಡಿಂಗನ್ನು ಕೈಗೆತ್ತಿಕೊಳ್ಳುತ್ತಿದ್ದೆ. ಇನ್‌ವಾಯ್ಸಿನ ತಪ್ಪನ್ನು ಅವಧಿಯೊಳಗೆ ತಿದ್ದಿ ಮತ್ತೆ ಸಲ್ಲಿಸಬಹುದು. ಸರಕು ಹಡಗೇರಿದ ದಿನವನ್ನು ತಿದ್ದಲು ಬರುವುದಿಲ್ಲ. ಎಲ್‌ಸಿಯಲ್ಲಿ ಶಿಪ್‌ಮೆಂಟಿಗೆ ಕೊನೆಯ ದಿನ ಮಾರ್ಚ್ 15 ಎಂದಿದೆ ಎಂದುಕೊಳ್ಳಿ. ಬಿಲ್ಲಿನ ಕೆಳಗೆ ಮಾರ್ಚ್ 12 ಎಂದು ಇರುವುದನ್ನು ಕಂಡು ರಫ್ತುದಾರರು ನಿಶ್ಚಿಂತರಾಗುತ್ತಾರೆ, ಆದರೆ ಅದೇ ಹಾಳೆಯ ‘ಶಿಪ್ಡ್ ಆನ್ ಬೋರ್ಡ್’ ಮುದ್ರೆಯ ಪಕ್ಕದಲ್ಲಿ ಮಾರ್ಚ್ 17 ಎಂದಿದ್ದರೆ ಬ್ಯಾಂಕು 17ನ್ನೇ ಹಿಡಿಯುತ್ತದೆ ಮತ್ತು ಶಿಪ್‌ಮೆಂಟ್ ತಡವಾಯಿತೆಂದು ಹಣ ನಿರಾಕರಿಸುತ್ತದೆ. ಆಮೇಲೆ ಖರೀದಿದಾರರ ಒಪ್ಪಿಗೆಯನ್ನೇ ಕಾಯಬೇಕಾಗುತ್ತದೆ. ಎಲ್‌ಸಿ ಬೇರೆ ಅವಧಿ ಹೇಳದಿದ್ದರೆ, ದಾಖಲೆ ಸಲ್ಲಿಸುವ 21 ದಿನಗಳನ್ನೂ ಆ ಆನ್ ಬೋರ್ಡ್ ದಿನದಿಂದಲೇ ಎಣಿಸಬೇಕು. ಎಲ್‌ಸಿಯ ಮುಕ್ತಾಯ ದಿನವನ್ನಂತೂ ಮೀರುವಂತಿಲ್ಲ.

ಕಾಫಿ ವ್ಯಾಪಾರಿ: ತೂಕದ ಬಗ್ಗೆ ಚಿಂತೆ ಬೇಡ. ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600ರ ಪ್ರಕಾರ ಶೇಕಡಾ 5ರಷ್ಟು ಹೆಚ್ಚು ಕಡಿಮೆ ನಡೆಯುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ: ಅದು ಎಲ್ಲ ಸಂದರ್ಭಕ್ಕೂ ಅನ್ವಯಿಸುವುದಿಲ್ಲ. ಎಲ್‌ಸಿಯಲ್ಲಿ ಪ್ರಮಾಣ 19,200 ಕಿಲೋ ಎಂದಷ್ಟೇ ಇದ್ದರೆ ನಿಮ್ಮ ಮಾತು ಸರಿ, ಆಗಲೂ ನೀವು ಕೇಳುವ ಹಣ ಎಲ್‌ಸಿಯ ಮೊತ್ತವನ್ನು ದಾಟಬಾರದು. 60 ಕಿಲೋದ 320 ಚೀಲ ಎಂದು ಎಣಿಕೆಯಲ್ಲಿ ಬರೆದಿದ್ದರೆ ಈ ವಿನಾಯಿತಿ ಸಿಗುವುದಿಲ್ಲ. ಎಲ್‌ಸಿ ಭಾಗಶಃ ಶಿಪ್‌ಮೆಂಟನ್ನು ನಿಷೇಧಿಸಿದ್ದರೆ, 318 ಚೀಲ ಕಳುಹಿಸಿದರೂ ಅದು ಎಲ್‌ಸಿಗೆ ಹೊಂದದ ದೋಷ, ಅಂದರೆ ಡಿಸ್ಕ್ರಿಪೆನ್ಸಿಯೇ.

ಸಿದ್ಧ ಉಡುಪು ರಫ್ತುದಾರರು: ನಮ್ಮ ದಾಖಲೆ ಮರಳಿದ್ದು ವಿಮಾ ಪತ್ರದಿಂದ. ಅದರ ತಾರೀಖು ಶಿಪ್‌ಮೆಂಟಿನ ನಂತರದ್ದಾಗಿತ್ತು, ರಕ್ಷಣೆ ಹಿಂದಿನಿಂದಲೇ ಜಾರಿಯಲ್ಲಿದೆ ಎಂದು ಎಲ್ಲಿಯೂ ನಮೂದಾಗಿರಲಿಲ್ಲ. ನೀವು ಅದನ್ನೇ ಮೊದಲು ನೋಡಿ.

ಪ್ರಶ್ನೆ ಕೇಳಿದವರು: ನಮ್ಮದು ಎಫ್‌ಒಬಿ ಆದ್ದರಿಂದ ಎಲ್‌ಸಿ ನಮ್ಮಿಂದ ವಿಮಾ ಪತ್ರವನ್ನು ಕೇಳಿಲ್ಲ. ಆನ್ ಬೋರ್ಡ್ ದಿನಾಂಕವೂ ಚೀಲಗಳ ಎಣಿಕೆಯೂ ಸರಿಯಾಗಿವೆ. ಆದರೆ ಬಿಲ್ ಆಫ್ ಲೇಡಿಂಗಿನಲ್ಲಿ, ಸರಕು ಬಂದಾಗ ಸೂಚನೆ ಪಡೆಯಬೇಕಾದ ನೋಟಿಫೈ ಪಾರ್ಟಿಯ ಜಾಗದಲ್ಲಿ, ಖರೀದಿದಾರರ ಬೀದಿಯ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ.

ನಿವೃತ್ತ ಬ್ಯಾಂಕ್ ಅಧಿಕಾರಿ: ಇನ್‌ವಾಯ್ಸಿನಲ್ಲಾದರೆ ವಿಳಾಸ ಎಲ್‌ಸಿಯಂತೆಯೇ ಇರಬೇಕಾಗಿಲ್ಲ, ದೇಶ ಒಂದೇ ಆದರೆ ಸಾಕು. ನೋಟಿಫೈ ಪಾರ್ಟಿಯಾಗಿ ಬಂದಾಗ ಮಾತ್ರ ಎಲ್‌ಸಿಯಲ್ಲಿರುವಂತೆಯೇ ಇರಬೇಕು. ಅರ್ಥ ಕೆಡಿಸದ ಅಕ್ಷರದೋಷ ನಿರಾಕರಣೆಗೆ ಕಾರಣವಾಗಬಾರದು ನಿಜ, ಆದರೂ ವಿಳಾಸದ ವಿಷಯದಲ್ಲಿ ಪರಿಶೀಲಕರ ತೀರ್ಮಾನ ಬೇರೆಬೇರೆಯಾಗುವುದನ್ನು ಕಂಡಿದ್ದೇನೆ. ಹಡಗು ಏಜೆಂಟರಿಂದ ತಿದ್ದಿಸಿ, ತಿದ್ದುಪಡಿಯ ಮೇಲೆ ಅವರ ಸಹಿ, ಮೊಹರು ಹಾಕಿಸಿ ಸಲ್ಲಿಸಿ.

ಕಾಫಿ ವ್ಯಾಪಾರಿ: ಮೂರೂ ಮೂಲ ಪ್ರತಿಗಳನ್ನು ಏಜೆಂಟರಿಗೆ ಹಿಂದಿರುಗಿಸಿ ಕಾಯುವಷ್ಟರಲ್ಲಿ ನಿಮ್ಮ 21 ದಿನ ಕರಗುತ್ತವೆ. ನಾನಾಗಿದ್ದರೆ ಹಾಗೆಯೇ ಸಲ್ಲಿಸುತ್ತಿದ್ದೆ.

ನಿವೃತ್ತ ಬ್ಯಾಂಕ್ ಅಧಿಕಾರಿ: ಉಳಿದಿರುವ ದಿನಗಳೆಷ್ಟು ಎಂದು ತಿಳಿಸಿ. ಹತ್ತಕ್ಕಿಂತ ಹೆಚ್ಚಿದ್ದರೆ ನಾನು ತಿದ್ದಿಸುವುದೇ ಲೇಸೆನ್ನುವೆ.