ಕಡಿತ ಮುಗಿದು ಭರ್ತಿ ಶುರುವಾಗುವ ಜಾಗದ ಮಣ್ಣಿನ ಲೆಕ್ಕ

ಕಿರಿಯ ಎಂಜಿನಿಯರ್: 10 ಮೀಟರ್ ತಳದ ಅಗಲದ ರಸ್ತೆಗೆ 20 ಮೀಟರಿಗೊಂದರಂತೆ ಅಡ್ಡಛೇದ ತೆಗೆದಿದ್ದೇವೆ. ರಸ್ತೆಯುದ್ದಕ್ಕೆ ಮೀಟರಿನಲ್ಲಿ ಅಳೆದ ದೂರ, ಅಂದರೆ ಚೈನೇಜ್ 0, 20, 40, 60, 80ರಲ್ಲಿ ಕಡಿತ 24, 11, 6, 0, 0 ಚದರ ಮೀಟರ್; ಭರ್ತಿ 0, 0, 0, 8, 20. ಅಕ್ಕಪಕ್ಕದ ಛೇದಗಳ ಸರಾಸರಿಯನ್ನು ದೂರದಿಂದ ಗುಣಿಸಿದಾಗ ಕಡಿತ 580, ಭರ್ತಿ 360 ಘನ ಮೀಟರ್ ಬಂತು. ಎರಡು ತುದಿಯ ಛೇದಗಳ ಜೊತೆ ನಡುವಿನ ಛೇದದ ನಾಲ್ಕು ಪಟ್ಟನ್ನು ಕೂಡಿಸಿ, ದೂರದಿಂದ ಗುಣಿಸಿ ಆರರಿಂದ ಭಾಗಿಸುವ ಪ್ರಿಸ್ಮಾಯ್ಡಲ್ ಸೂತ್ರ ಹಾಕಿದರೆ ಈ ಅಂಕಿಗಳು ಬಹಳ ಬದಲಾಗುತ್ತವೆಯೇ?

ಸಿವಿಲ್ ವಿದ್ಯಾರ್ಥಿ: ಸರಾಸರಿ ವಿಧಾನ ಸಾಮಾನ್ಯವಾಗಿ ಹೆಚ್ಚು ತೋರಿಸುತ್ತದೆ, ಆದ್ದರಿಂದ ಪ್ರಿಸ್ಮಾಯ್ಡಲ್ ಸೂತ್ರವನ್ನೇ ಬಳಸಬೇಕು. ನಡುವಿನ ಛೇದದ ಅಳತೆ ಇಲ್ಲದಿದ್ದರೆ ಎರಡು ತುದಿಗಳ ವಿಸ್ತೀರ್ಣದ ಸರಾಸರಿಯನ್ನು ನಡುವಿನದೆಂದು ತೆಗೆದುಕೊಳ್ಳಬಹುದು. ಆದರೆ ನಾನು ಹಾಗೆ ಮಾಡಿದಾಗಲೂ 580 ಬಂತು, ಎಲ್ಲಿಯೋ ತಪ್ಪಿರಬೇಕು.

ನಿವೃತ್ತ ಸರ್ವೇಯರ್: ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ, ತಪ್ಪಿರುವುದು ನಡುವಿನ ಛೇದದಲ್ಲಿ. ವಿಸ್ತೀರ್ಣಗಳ ಸರಾಸರಿಯನ್ನೇ ನಡುವೆ ಇಟ್ಟರೆ ಆ ಸೂತ್ರ ತಿರುಗಿ ಸರಾಸರಿ ವಿಧಾನವೇ ಆಗುತ್ತದೆ. ಸರಾಸರಿ ಮಾಡಬೇಕಾದದ್ದು ಆಳವನ್ನು. ನೆಲ ಅಡ್ಡಲಾಗಿ ಸಮತಟ್ಟಾಗಿದ್ದು ಪಕ್ಕದ ಇಳಿಜಾರು ಒಂದಕ್ಕೆ ಒಂದು ಎಂದು ಹಿಡಿದರೆ, 24 ಬರುವಲ್ಲಿ ಆಳ 2 ಮೀಟರ್, 11 ಬರುವಲ್ಲಿ 1 ಮೀಟರ್. ನಡುವಿನ ಆಳ ಒಂದೂವರೆ ಮೀಟರ್ ಆದ್ದರಿಂದ ಅಲ್ಲಿನ ವಿಸ್ತೀರ್ಣ 17.25 ಆಗುತ್ತದೆ, 17.5 ಅಲ್ಲ. ಆಗ ಮೊದಲ 20 ಮೀಟರಿನ ಕಡಿತ 350ರ ಬದಲು ಸುಮಾರು 346.7. ಮೂರು ಚಿಲ್ಲರೆ ಘನ ಮೀಟರಿಗಾಗಿ ಇಷ್ಟು ವಾದ ಬೇಡವೆಂದೇ ನನ್ನ ಅಭಿಪ್ರಾಯ.

ದೊಡ್ಡ ವ್ಯತ್ಯಾಸ 40 ಮತ್ತು 60ರ ನಡುವೆ ಅಡಗಿದೆ. ನೀವು ಅಲ್ಲಿ 20 ಮೀಟರ್ ಉದ್ದಕ್ಕೂ ಕಡಿತವಿದೆ, ಅದೇ 20 ಮೀಟರ್ ಉದ್ದಕ್ಕೂ ಭರ್ತಿಯೂ ಇದೆ ಎಂದು ಬರೆದಂತಾಗಿದೆ. ನೆಲ ಮತ್ತು ರಸ್ತೆಯ ತಳ ಒಂದೇ ಮಟ್ಟಕ್ಕೆ ಬರುವ ಚೈನೇಜ್ ಯಾವುದೆಂದು ಉದ್ದಛೇದದಲ್ಲಿ ನೋಡಿ ಹೇಳಿ.

ಕಿರಿಯ ಎಂಜಿನಿಯರ್: ಮಧ್ಯರೇಖೆಯಲ್ಲಿ ಅದು 48ಕ್ಕೆ ಬರುತ್ತದೆ, ಸರ್.

ನಿವೃತ್ತ ಸರ್ವೇಯರ್: ಹಾಗಾದರೆ ಕಡಿತ 8 ಮೀಟರಿನಲ್ಲೇ ಮುಗಿಯುತ್ತದೆ: 6ರ ಅರ್ಧ ಗುಣಿಸು 8, ಅಂದರೆ 24. ಭರ್ತಿ ಉಳಿದ 12 ಮೀಟರಿನದು: 8ರ ಅರ್ಧ ಗುಣಿಸು 12, ಅಂದರೆ 48. ನೀವು ಬರೆದದ್ದು 60 ಮತ್ತು 80. ಒಟ್ಟು ಕಡಿತ 544ಕ್ಕೂ ಭರ್ತಿ 328ಕ್ಕೂ ಇಳಿಯಿತು. ಎರಡೂ ಒಟ್ಟಿಗೆ ಉಬ್ಬಿದ್ದರಿಂದ ಅವುಗಳ ವ್ಯತ್ಯಾಸವನ್ನು ಮಾತ್ರ ನೋಡುವವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಘಟ್ಟದ ಗುತ್ತಿಗೆದಾರ: ನನ್ನ ಅನುಭವ ಹೇಳುತ್ತೇನೆ. ಗುಡ್ಡದ ಪಕ್ಕದ ರಸ್ತೆಯ ಒಂದೇ ಛೇದದಲ್ಲಿ ಮೇಲಿನ ಬದಿ 9 ಕಡಿತ, ಕೆಳಗಿನ ಬದಿ 7 ಭರ್ತಿ ಇತ್ತು. ಬಿಲ್ ಬರೆದವರು ಒಂದರಿಂದ ಇನ್ನೊಂದನ್ನು ಕಳೆದು 2 ಚದರ ಮೀಟರ್ ಕಡಿತ ಎಂದರು. ನಾನು 9ನ್ನೂ ಅಗೆದಿದ್ದೆ, 7ನ್ನೂ ಪದರ ಪದರವಾಗಿ ರೋಲರ್ ಹಾಕಿ ಕೂರಿಸಿದ್ದೆ. ಇಲ್ಲಿಯೂ ಹಾಗೆಯೇ ಕಳೆಯುತ್ತಿದ್ದಾರೆಂದು ಕಾಣುತ್ತದೆ.

ನಿವೃತ್ತ ಸರ್ವೇಯರ್: ಇವರು ಕಳೆದಿಲ್ಲ, ಎರಡು ಕಾಲಮ್ ಬೇರೆಯಾಗಿಯೇ ಇವೆ. ಆದರೂ ನಿಮ್ಮ ಮಾತು ಸರಿಯಾದದ್ದೇ. ಛೇದದ ಮಟ್ಟದಲ್ಲಿ ಕಳೆಯುವುದು ಯಾವ ಕಾರಣಕ್ಕೂ ಸಲ್ಲದು.

ಸಿವಿಲ್ ವಿದ್ಯಾರ್ಥಿ: ಹಾಗಾದರೆ 544ರಲ್ಲಿ 328 ಕಳೆದು 216 ಘನ ಮೀಟರ್ ಮಣ್ಣನ್ನು ಹೊರಗೆ ಸಾಗಿಸಬೇಕು ಎನ್ನಬಹುದೇ?

ನಿವೃತ್ತ ಸರ್ವೇಯರ್: ಅಷ್ಟು ಉಳಿಯುವುದಿಲ್ಲ. ನೆಲದಲ್ಲಿದ್ದ ಮಣ್ಣಿನ ಒಣ ಸಾಂದ್ರತೆ 1.55, ರೋಲರ್ ಹಾಕಿದ ಮೇಲೆ 1.75 ಎಂದುಕೊಳ್ಳಿ. ಆಗ 328 ಘನ ಮೀಟರ್ ಭರ್ತಿಗೆ ನೆಲದಿಂದ ಸುಮಾರು 370 ಅಗೆಯಬೇಕಾಗುತ್ತದೆ, ಉಳಿಯುವುದು 174ರ ಆಸುಪಾಸು. ಮೇಲ್ಪದರದ ಬೇರು ಮಣ್ಣು ಭರ್ತಿಗೆ ಬಾರದ ಕಾರಣ ಅದನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಕಡಿತದಲ್ಲಿ ಬಂಡೆ ಸಿಕ್ಕರೆ ಲೆಕ್ಕ ತಿರುಗುಮುರುಗಾಗುತ್ತದೆ, ಒಡೆದ ಬಂಡೆ ರೋಲರ್ ಹಾಕಿದ ಮೇಲೂ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ.

ಘಟ್ಟದ ಗುತ್ತಿಗೆದಾರ: 40 ಮತ್ತು 48ರ ನಡುವಿನ ಆ 24 ಘನ ಮೀಟರ್ ಕಡಿತದ ಬಗ್ಗೆ ನನಗೆ ಅನುಮಾನವಿದೆ. ಗುಡ್ಡದ ಓರೆಯಲ್ಲಿ ಕಡಿತ ಎರಡೂ ಅಂಚಿನಲ್ಲಿ ಒಂದೇ ಚೈನೇಜಿನಲ್ಲಿ ಮುಗಿಯುವುದಿಲ್ಲ.

ನಿವೃತ್ತ ಸರ್ವೇಯರ್: ಒಪ್ಪುತ್ತೇನೆ. ರಸ್ತೆಗೆ ನೇರ ಅಡ್ಡಲಾಗಿ ಮುಗಿದರೆ ಅದು ಬೆಣೆಯಾಕಾರ, ಆಗ ಅರ್ಧ ಹಿಡಿಯುವುದು ಬಹುತೇಕ ಸರಿ. ಆಳವೂ ಅಗಲವೂ ಒಟ್ಟಿಗೆ ಸಣ್ಣದಾಗುತ್ತ ಮೂಲೆಯಲ್ಲಿ ಮೊನೆಯಾದರೆ ಪಿರಮಿಡ್ಡಿನಂತೆ ಮೂರನೆಯ ಒಂದು ಭಾಗ ಹಿಡಿಯಬೇಕು. ಮೊನೆ 48ರಲ್ಲೇ ಇದ್ದರೆ 24ರ ಬದಲು 16. ಎಡ ಅಂಚು, ಮಧ್ಯರೇಖೆ, ಬಲ ಅಂಚು ಎಲ್ಲೆಲ್ಲಿ ಶೂನ್ಯಕ್ಕೆ ಬರುತ್ತವೆಯೋ ಅಲ್ಲೆಲ್ಲ ಹೆಚ್ಚುವರಿ ಛೇದ ತೆಗೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಕಿರಿಯ ಎಂಜಿನಿಯರ್: ಅಂಚಿನ ಮಟ್ಟಗಳು 40 ಮತ್ತು 60ರಲ್ಲಿ ಮಾತ್ರ ಇವೆ, ನೆಲವನ್ನು ಈಗಾಗಲೇ ಅಗೆದಾಗಿದೆ. ಆ ಎರಡರ ನಡುವೆ ಅಂಚುಗಳನ್ನು ನೇರ ಗೆರೆಯೆಂದು ಹಿಡಿದು ಶೂನ್ಯದ ಜಾಗ ಗುರುತಿಸಿದರೆ ಗುತ್ತಿಗೆದಾರರು ಒಪ್ಪುವರೇ?

ಘಟ್ಟದ ಗುತ್ತಿಗೆದಾರ: ನಾನಾಗಿದ್ದರೆ ಎರಡೂ ಕಡೆಯವರು ಸಹಿ ಹಾಕಿದ ಮೂಲ ಮಟ್ಟಗಳ ಪುಸ್ತಕವನ್ನು ಮೊದಲು ಕೇಳುತ್ತಿದ್ದೆ.